ಎರಡು ವರ್ಷ ಬಳಸಿದ ಕಲಿಕಾ ಆ್ಯಪ್: ಪಾಠಕ್ಕೆ ನಾಲ್ಕು ನಕ್ಷತ್ರ, ಲಾಗಿನ್‌ಗೆ ಒಂದೇ

ಮಗಳು ಒಂಬತ್ತನೇ ತರಗತಿಗೆ ಬಂದಾಗ ಶಾಲೆಯವರೇ ಶುಲ್ಕದಲ್ಲಿ ಸೇರಿಸಿ ಕೊಟ್ಟ ಆ್ಯಪ್ ಇದು. ಈಗ ಅವಳು ಎಸ್ಸೆಸ್ಸೆಲ್ಸಿ. ನಮ್ಮದು ಆಲ್ದೂರಿನಿಂದ ಒಳಗಿರುವ ತೋಟದ ಮನೆ; ನೆಟ್‌ವರ್ಕ್ ಬೇಕೆಂದರೆ ಕಾಫಿ ಕಣದ ಮೂಲೆಗೆ ಹೋಗಿ ನಿಲ್ಲಬೇಕು. ಹಾಗಾಗಿ ಚಿಕ್ಕಮಗಳೂರಿಗೆ ಹೋದಾಗಲೆಲ್ಲ ಪಾಠಗಳನ್ನು ಟ್ಯಾಬ್‌ಗೆ ಇಳಿಸಿಕೊಂಡು ಬರುತ್ತೇವೆ. ಗಣಿತ ಚೆನ್ನಾಗಿದೆ. ಉತ್ತರ ತಪ್ಪಾದರೆ ಯಾವ ಹಂತದಲ್ಲಿ ತಪ್ಪಿತು ಎಂದು ತೋರಿಸುತ್ತದೆ. ವಿಜ್ಞಾನದ ಕನ್ನಡ ಮಾತ್ರ ಮೂಗು ಹಿಡಿದುಕೊಂಡು ಓದಿದಂತಿದೆ.

ಆದರೆ ಈ ವಿಮರ್ಶೆ ಬರೆಯಲು ಕಾರಣ ಪಾಠವಲ್ಲ, ಪಾಸ್‌ವರ್ಡ್. ಜನವರಿಯಲ್ಲಿ, ಕುಯ್ಲಿನ ಭರಾಟೆಯ ನಡುವೆ, ಪೂರ್ವಸಿದ್ಧತಾ ಪರೀಕ್ಷೆಗೆ ಹನ್ನೆರಡು ದಿನ ಇದ್ದಾಗ ಮಗಳು ಶಾಲೆಯ ಕಂಪ್ಯೂಟರಿನಲ್ಲಿ ತಪ್ಪು ಪಾಸ್‌ವರ್ಡ್ ಹಾಕಿ ಹಾಕಿ ಖಾತೆಗೆ ಬೀಗ ಬಿತ್ತು. ‘Forgot password’ ಒತ್ತಿದರೆ ಒಟಿಪಿ ಹೋಗುವುದು ನನ್ನ ಹಳೆಯ ಸಂಖ್ಯೆಗೆ. ಆ ಸಿಮ್ ಅನ್ನು ನಾನು ಬಿಟ್ಟು ಒಂದು ವರ್ಷವಾಗಿತ್ತು. ಹೀಗೆ ಬಿಟ್ಟ ಸಂಖ್ಯೆ ಕೆಲವು ತಿಂಗಳ ನಂತರ ಬೇರೆಯವರ ಪಾಲಾಗುತ್ತದೆ. ನಮ್ಮ ಒಟಿಪಿ ಯಾರ ಮೊಬೈಲಿನಲ್ಲಿ ಟಿಂಗ್ ಎನ್ನುತ್ತಿತ್ತೋ! ಆ್ಯಪ್‌ನ ಸಹಾಯವಾಣಿಗೆ ಕರೆ ಮಾಡಿದರೆ, ಶಾಲೆ ತೆರೆದ ಖಾತೆಯನ್ನು ಶಾಲೆಯೇ ಸರಿಪಡಿಸಬೇಕು ಎಂದರು. ಪರದೆಯ ಕೆಳಗೆ ‘Contact your school administrator’ ಎಂಬ ಸಾಲು ಮೊದಲೇ ಇತ್ತು. ಅದನ್ನು ನೋಡಿದ ದಿನವೇ ಶಾಲೆಗೆ ಹೋಗಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು.

ಶಾಲೆಗೆ ಒಂದು ಸಾಲಿನ ಪತ್ರ ಕೊಟ್ಟೆ: ‘ಮಗಳ ಖಾತೆಯನ್ನು ರಿಸೆಟ್ ಮಾಡಿಕೊಡಿ.’ ಸಂಜೆ ಕಂಪ್ಯೂಟರ್ ಮೇಷ್ಟರ ಫೋನು. “ಯಾವ ರಿಸೆಟ್ ಸಾರ್? ನನ್ನ ಪರದೆಯಲ್ಲಿ ಎರಡು ಇವೆ.” ಒಂದು ಪಾಸ್‌ವರ್ಡನ್ನು ಮಾತ್ರ ಬದಲಿಸುತ್ತದೆ. ಇನ್ನೊಂದು ಖಾತೆಯನ್ನೇ ಹೊಸದಾಗಿಸುತ್ತದೆ, ಎಂದರೆ ಎರಡು ವರ್ಷದ ಅಂಕ, ಅಭ್ಯಾಸ ಪರೀಕ್ಷೆ, ಟಿಪ್ಪಣಿ ಎಲ್ಲವೂ ಗುಡಿಸಿ ಹೋಗುತ್ತವೆ. ಇವೆರಡು ಗುಂಡಿಗಳನ್ನು ಅಕ್ಕಪಕ್ಕ ಇಟ್ಟವರಿಗೆ ನಾನು ಒಂದು ನಕ್ಷತ್ರಕ್ಕಿಂತ ಹೆಚ್ಚು ಕೊಡಲಾರೆ. ಮೇಷ್ಟರು ಕೇಳದೆ ಒತ್ತಿದ್ದರೆ ತಪ್ಪು ನನ್ನ ಪತ್ರದ್ದೇ ಆಗುತ್ತಿತ್ತು.

ಮಾರನೆಯ ದಿನ ಬರೆದ ಎರಡನೇ ಪತ್ರದ ಒಕ್ಕಣೆ ಇದು, ಬೇಕಾದವರು ಬಳಸಿಕೊಳ್ಳಬಹುದು.

“ಮಾನ್ಯ ಮುಖ್ಯೋಪಾಧ್ಯಾಯರಿಗೆ, ಹತ್ತನೇ ತರಗತಿ ‘ಬಿ’ ವಿಭಾಗದ ನನ್ನ ಮಗಳ ಹೆಸರು, ದಾಖಲಾತಿ ಸಂಖ್ಯೆ ಮತ್ತು ಆ್ಯಪ್‌ನ ಬಳಕೆದಾರ ಹೆಸರನ್ನು ಮೇಲೆ ಬರೆದಿದ್ದೇನೆ. ಅವಳ ಪಾಸ್‌ವರ್ಡನ್ನು ಮಾತ್ರ ಬದಲಿಸಿಕೊಡಬೇಕು. ಖಾತೆಯನ್ನು ಅಳಿಸುವುದಾಗಲಿ, ಹೊಸದಾಗಿ ತೆರೆಯುವುದಾಗಲಿ ಬೇಡ. ಹಳೆಯ ಅಂಕಗಳು ಉಳಿಯಬೇಕು. ನೋಂದಾಯಿತ ಮೊಬೈಲ್ ಸಂಖ್ಯೆಯನ್ನು ತೆಗೆದು ಕೆಳಗಿನ ಸಂಖ್ಯೆಯನ್ನು ಸೇರಿಸಬೇಕು. ಶಾಲೆಯ ಕಂಪ್ಯೂಟರ್ ಸೇರಿದಂತೆ ಎಲ್ಲ ಸಾಧನಗಳಿಂದ ಖಾತೆಯನ್ನು ಲಾಗ್‌ಔಟ್ ಮಾಡಬೇಕು. ತಾತ್ಕಾಲಿಕ ಪಾಸ್‌ವರ್ಡನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕದೆ ಚೀಟಿಯಲ್ಲಿ ಬರೆದು ಮಗಳ ಕೈಗೆ ಕೊಡಬೇಕಾಗಿ ವಿನಂತಿ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಿರುವುದರಿಂದ ಈ ಶುಕ್ರವಾರದೊಳಗೆ ಆದರೆ ಉಪಕಾರ.”

ವಾಟ್ಸ್‌ಆ್ಯಪ್ ಮಾತು ಸುಮ್ಮನೆ ಸೇರಿಸಿದ್ದಲ್ಲ. ಹಿಂದಿನ ವರ್ಷ ಇಡೀ ತರಗತಿಗೆ ಒಂದೇ ತಾತ್ಕಾಲಿಕ ಪಾಸ್‌ವರ್ಡ್ ಗುಂಪಿನಲ್ಲಿ ಬಂದಿತ್ತು. ಯಾರೋ ತುಂಟ ಹುಡುಗ ಇನ್ನೊಬ್ಬನ ಖಾತೆಗೆ ನುಗ್ಗಿ ಸಮಾಜ ವಿಜ್ಞಾನದ ಪರೀಕ್ಷೆಯನ್ನು ಸೊನ್ನೆ ಅಂಕಕ್ಕೆ ಬರೆದು ಮುಗಿಸಿದ್ದ.

ಎರಡನೇ ಪತ್ರ ತಲುಪಿದ ದಿನವೇ ಕೆಲಸವಾಯಿತು; ಚೀಟಿ ಮಗಳ ಜಾಮಿಟ್ರಿ ಪೆಟ್ಟಿಗೆಯಲ್ಲಿ ಮನೆಗೆ ಬಂತು. ಆದರೂ ಒಂದು ಪೆಟ್ಟು ಬಿತ್ತು, ಅದನ್ನು ನಾನು ಊಹಿಸಿರಲಿಲ್ಲ. ನೆಟ್‌ವರ್ಕ್ ಇಲ್ಲದಾಗ ಟ್ಯಾಬ್‌ನಲ್ಲಿ ಬರೆದ ಉತ್ತರಗಳು ಅಲ್ಲೇ ಕಾದಿರುತ್ತವೆ. ಪರೀಕ್ಷೆಯ ಹೆಸರಿನ ಪಕ್ಕ ಬೂದು ಬಣ್ಣದ ಮೋಡದ ಗುರುತು ಇರುತ್ತದೆ, ಉತ್ತರ ತಲುಪಿದ ಮೇಲೆ ಹಸಿರಾಗುತ್ತದೆ. ನಮ್ಮ ಟ್ಯಾಬ್‌ನಲ್ಲಿ ನಾಲ್ಕು ಬೂದು ಮೋಡಗಳಿದ್ದವು. ಕಣದ ಮೂಲೆಯಲ್ಲಿ ನೆಟ್‌ವರ್ಕ್ ಸಿಕ್ಕಿದ ತಕ್ಷಣ ಆ್ಯಪ್ ಟ್ಯಾಬ್‌ನಲ್ಲೂ ಲಾಗ್‌ಔಟ್ ಆಗಿ ಹೊಸ ಪಾಸ್‌ವರ್ಡ್ ಕೇಳಿತು. ಒಳಗೆ ಹೋಗಿ ನೋಡಿದರೆ ನಾಲ್ಕೂ ಇಲ್ಲ, ಇಳಿಸಿಕೊಂಡಿದ್ದ ವಿಡಿಯೊಗಳೂ ಇಲ್ಲ. ಪತ್ರ ಕೊಡುವ ಮೊದಲೇ ಟ್ಯಾಬನ್ನು ನೆಟ್‌ವರ್ಕ್ ಇರುವ ಕಡೆ ಒಯ್ದು ಮೋಡಗಳು ಹಸಿರಾಗುವವರೆಗೆ ಕಾಯಬೇಕಿತ್ತು. ಟ್ಯಾಬ್‌ನಲ್ಲಿ ಖಾತೆ ಇನ್ನೂ ತೆರೆದೇ ಇತ್ತಲ್ಲ, ಬೀಗ ಬಿದ್ದಿದ್ದು ಹೊಸ ಲಾಗಿನ್‌ಗೆ ಮಾತ್ರ. ಮಗಳು ಎರಡು ಪರೀಕ್ಷೆಗಳನ್ನು ಮತ್ತೆ ಬರೆದಳು. ಉಳಿದೆರಡನ್ನು, “ಅಪ್ಪಾ, ಅವು ಸುಲಭ ಇದ್ದವು” ಎಂದು ಬಿಟ್ಟಳು.

ಒಟ್ಟಾರೆ ಐದಕ್ಕೆ ಮೂರು ಕೊಡುತ್ತೇನೆ. ಜೂನ್‌ನಲ್ಲಿ ಮಗ ಎಂಟನೇ ತರಗತಿಗೆ ಬರುತ್ತಾನೆ, ಅವನಿಗೂ ಇದೇ ಆ್ಯಪ್. ಅವನ ಖಾತೆಗೆ ಅವನ ಅಮ್ಮನ ಸಂಖ್ಯೆ ಕೊಡುತ್ತೇವೆ. ಅವಳು ಮದುವೆಗೆ ಮೊದಲಿನಿಂದಲೂ ಅದೇ ಸಿಮ್ ಇಟ್ಟುಕೊಂಡಿದ್ದಾಳೆ.