ಚೆಕ್‌ಲಿಸ್ಟ್ ಕನ್ನಡಕ್ಕೆ ಮಾಡೋರು ಈ 'ನೋ ಲೋಡ್' ನೋಡ್ಕೊಳ್ಳಿ

ಕಮಿಷನಿಂಗ್ ಚೆಕ್‌ಲಿಸ್ಟ್, ಅಂದ್ರೆ ಹೊಸ ಮಷೀನ್ ಚಾಲೂ ಮಾಡೋವಾಗ ಒಂದೊಂದಾಗಿ ನೋಡ್ಕೊಳ್ಳೋ ಪಟ್ಟಿ, ಕನ್ನಡಕ್ಕೆ ಮಾಡ್ಕೊಡಿ ಅಂತ ಯಾರಾದ್ರೂ ಕೇಳಿದ್ರೆ ಹ್ಞೂಂ ಅನ್ನೋಕ್ಕೆ ಮುಂಚೆ ಇದನ್ನ ಓದಿ. ಮಂಡ್ಯ ಹತ್ರ ಒಂದು ಫ್ಯಾಕ್ಟರಿ, ಹೆಸ್ರು ಬೇಡ, ಕೂಲಿಂಗ್ ವಾಟರ್ ಪಂಪ್ ಹೊಸ್ದಾಗಿ ಕೂರ್ಸಿದ್ರು. ಫಿಟ್ಟರ್‌ಗಳಿಗೆ ಇಂಗ್ಲಿಷ್ ಕಷ್ಟ ಅಂತ ಚೆಕ್‌ಲಿಸ್ಟ್ ನನ್ ಕೈಗೆ ಬಂತು, ನಾನು ಮೈಸೂರಲ್ಲಿ ಮನೇಲೇ ಕೂತು, ಆ ಪಂಪ್ ಮುಖಾನೂ ನೋಡ್ದೆ ಮೂರು ದಿನದಲ್ಲಿ ಮುಗ್ಸಿ ಕಳಿಸ್ದೆ.

ಮೂಲದಲ್ಲಿ 'ಮೋಟಾರ್ ನೋ ಲೋಡ್ ಟ್ರಯಲ್, ಅನ್‌ಕಪಲ್ಡ್' ಅಂತಿತ್ತು. ಅಂದ್ರೆ ಮೋಟಾರನ್ನ ಪಂಪಿಗೆ ಸೇರ್ಸೋ ಕಪ್ಲಿಂಗ್ ಬಿಚ್ಚಿ ಬರೀ ಮೋಟಾರ್ ಓಡ್ಸಿ ಯಾವ ಕಡೆ ತಿರುಗ್ತಿದೆ, ಎಷ್ಟು ಆಂಪ್ಸ್ ಎಳೀತಿದೆ, ಬೇರಿಂಗ್ ಬಿಸಿ ಆಗ್ತಿದ್ಯಾ ಅಂತ ನೋಡೋದು, ಉಲ್ಟಾ ತಿರುಗಿದ್ರೆ ಮೂರು ಫೇಸಲ್ಲಿ ಯಾವ್ದಾದ್ರೂ ಎರಡು ವೈರ್ ಅದಲು ಬದಲು ಮಾಡೋದು. ನಾನು 'ಲೋಡ್ ಇಲ್ಲದೆ ಓಡಿಸಿ' ಅಂತ ಬರ್ದೆ. ಅನ್‌ಕಪಲ್ಡ್ ಅಂದ್ರೂ ಅದೇ ತಾನೇ ಅಂತ ಬಿಟ್ಬುಟ್ಟೆ.

ಸೈಟಲ್ಲಿ ಲೋಡ್ ಅಂದ್ರೆ ನೀರು ಅನ್ಕೊಂಡವ್ರೆ. ಕಪ್ಲಿಂಗ್ ಹಾಕಿದ್ದಂಗೇ ಇತ್ತು, ಪಂಪಿಗೆ ನೀರು ಬರೋ ಸಕ್ಷನ್ ವಾಲ್ವ್ ಮುಚ್ಚಿ, ಖಾಲಿ ಪಂಪನ್ನೇ ಸ್ಟಾರ್ಟ್ ಮಾಡಿದ್ರು. ಶಾಫ್ಟ್ ಪಕ್ಕ ನೀರು ಸೋರ್ದಂಗೆ ತಡೆಯೋ ಮೆಕ್ಯಾನಿಕಲ್ ಸೀಲಲ್ಲಿ ಎರಡು ನುಣುಪಾದ ಮುಖ ಒಂದಕ್ಕೊಂದು ಒತ್ಕೊಂಡಿರ್ತವೆ, ಒಂದು ತಿರುಗುತ್ತೆ ಒಂದು ನಿಂತಿರುತ್ತೆ, ಮಧ್ಯೆ ಇರೋ ನೀರಿನ ತೆಳು ಪೊರೇನೇ ಅದಕ್ಕೆ ಎಣ್ಣೆ, ಅದೇ ತಂಪು. ನೀರಿಲ್ದೆ ಎಷ್ಟೊತ್ತು ತಡ್ಕೊಳ್ಳುತ್ತೆ? ಕೀಚ್ ಅಂತ ಸದ್ದು ಬಂದ್ಮೇಲೆ ಆಫ್ ಮಾಡಿದ್ದಾರೆ, ಮಾರನೇ ದಿನ ನೀರು ಬಿಟ್ಟು ಓಡ್ಸಿದ್ರೆ ಶಾಫ್ಟ್ ಪಕ್ಕ ತೊಟ್ಟಿಕ್ಕೋಕೆ ಶುರು.

ಆ ಸೋರಿಕೆ ಪಂಚ್ ಲಿಸ್ಟಿಗೆ, ಅಂದ್ರೆ ಬಾಕಿ ಕೆಲ್ಸದ ಪಟ್ಟಿಗೆ, 'ಬಿ' ಅಂತ ಹೋಯ್ತು. ಅಲ್ಲೂ ನನ್ನದೇ ಕೈಚಳಕ. ಎ ಬಿ ಸಿ ಅರ್ಥ ಒಂದೊಂದು ಕಾಂಟ್ರಾಕ್ಟಲ್ಲಿ ಒಂದೊಂದು ಥರ, ಇದ್ರಲ್ಲಿ ಎ ಅಂದ್ರೆ ಸ್ಟಾರ್ಟ್ ಮಾಡೋಕ್ಕೆ ಮುಂಚೆ ಮುಗೀಬೇಕು, ಬಿ ಅಂದ್ರೆ ಸ್ಟಾರ್ಟಿಗೆ ಅಡ್ಡಿಯಿಲ್ಲ ಆದ್ರೆ ಹ್ಯಾಂಡೋವರ್‌ಗೆ ಮುಂಚೆ ಮುಗೀಲೇಬೇಕು, ಸಿ ಮಾತ್ರ ಆಮೇಲೆ ನಡೆಯುತ್ತೆ. ನಾನು ಬಿ ಮುಂದೆ 'ನಂತರ ಸರಿಪಡಿಸಬಹುದು' ಅಂತ ಹಾಕಿದ್ದೆ. ಯಾವುದರ ನಂತರ ಅಂತ ಬರ್ದೇ ಇಲ್ಲ! ಇಂಚಾರ್ಜ್ ಅದನ್ನ ನೋಡಿ ಹ್ಯಾಂಡೋವರ್ ಸರ್ಟಿಫಿಕೇಟಿಗೆ ಸೈನ್ ಹಾಕ್ಬುಟ್ರು, ಸೋರ್ತಿರೋ ಪಂಪಿಗೆ ಅವತ್ತಿಂದ್ಲೇ ವಾರಂಟಿ ದಿನ ಓಡೋಕೆ ಶುರುವಾಯ್ತು, ಸಪ್ಲೈಯರ್ ಕಡೆಯೋರು ಬಂದು ಸೀಲ್ ಬಿಚ್ಚಿ, ಸುಟ್ಟ ಗೆರೆ ತೋರ್ಸಿ, ಡ್ರೈ ಓಡ್ಸಿರೋದು ನೀವು, ಇದು ವಾರಂಟಿಗೆ ಬರಲ್ಲ ಅಂದ್ರು.

ನನ್ ಬಿಲ್ಲಲ್ಲಿ ಅರ್ಧ ಹೋಯ್ತು, ಅದು ನ್ಯಾಯಾನೇ. ಆಮೇಲೆ ಸೈಟಿಗೇ ಹೋಗಿ ಫಿಟ್ಟರ್ ಅಣ್ಣನ ಪಕ್ಕ ನಿಂತ್ಕೊಂಡು ಆ ಸಾಲು ತಿದ್ದಿದೆ: 'ಕಪ್ಲಿಂಗ್ ಬಿಚ್ಚಿ. ಮೋಟಾರ್ ಒಂದನ್ನೇ ಓಡಿಸಿ. ನೀರು ತುಂಬದೆ ಪಂಪ್ ಓಡಿಸಬೇಡಿ.'

ಓದ್ಬುಟ್ಟು ಅವ್ರು ಅಂದಿದ್ದು, "ಇಷ್ಟನ್ನ ಮೊದ್ಲೇ ಬರ್ಯಕ್ಕೇನಾಗಿತ್ತು ಸಾ?"