ಲ್ಯಾಪ್‌ಟಾಪ್‌ಗೆ ಪವರ್ ಬ್ಯಾಂಕ್: 30 ವ್ಯಾಟ್ ಸಾಕೇ, 65 ಬೇಕೇ?

ತೀರ್ಥಹಳ್ಳಿಯ ಮನೆಯಿಂದಲೇ ಕೆಲಸ ಮಾಡುವ ತಂಗಿಯ ಪ್ರಶ್ನೆ ಇದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವುದು ಆದೀತು? ಅವಳು ನೋಡಿದ ಎರಡೂ 20,000 ಎಂಎಎಚ್‌ನವು.

ಹಾಗಾಗಿ ಎರಡರಲ್ಲೂ ಇರುವ ಶಕ್ತಿ ಒಂದೇ, ಸುಮಾರು 74 ವ್ಯಾಟ್-ಅವರ್. ನಷ್ಟ ಕಳೆದು 60ರ ಆಸುಪಾಸು ಕೈಗೆ ಸಿಗುತ್ತದೆ. 50 ವ್ಯಾಟ್-ಅವರ್‌ನ ಬ್ಯಾಟರಿ ಒಮ್ಮೆ ತುಂಬುತ್ತದೆ. ಬೆಲೆ 65ರದ್ದೇ ಹೆಚ್ಚು.

ನಿಜವಾದ ವ್ಯತ್ಯಾಸ ವೇಗದಲ್ಲಿದೆ. ಬರವಣಿಗೆಗೆ ಲ್ಯಾಪ್‌ಟಾಪ್ 10–15 ವ್ಯಾಟ್ ಎಳೆಯುತ್ತದೆ, ಆಗ 30 ವ್ಯಾಟ್ ನಿಧಾನವಾಗಿಯಾದರೂ ಬ್ಯಾಟರಿ ಏರಿಸುತ್ತದೆ. ವಿಡಿಯೊ ಸಭೆ ಶುರುವಾಯಿತೆಂದರೆ ಏರಿಕೆ ನಿಂತುಹೋಗಬಹುದು. ಕೆಲವು ಲ್ಯಾಪ್‌ಟಾಪ್‌ಗಳಂತೂ 45ಕ್ಕಿಂತ ಕಡಿಮೆಯನ್ನು ಒಪ್ಪುವುದೇ ಇಲ್ಲ. ಮೂಲ ಚಾರ್ಜರ್‌ನ ಹಿಂಬದಿ ನೋಡಿ: 20V 3.25A ಎಂದಿದ್ದರೆ ಅದು 65 ವ್ಯಾಟ್. ಪವರ್ ಬ್ಯಾಂಕ್‌ನ ಮೇಲೂ 20V ಇರಲೇಬೇಕು. 12Vಗೇ ನಿಲ್ಲುವುದು ಮೊಬೈಲ್‌ಗಷ್ಟೇ ಲಾಯಕ್ಕು. 65 ವ್ಯಾಟ್ ಪೂರ್ತಿ ಬೇಕಾದರೆ ಕೇಬಲ್ 5 ಆಂಪಿಯರ್‌ನದ್ದಾಗಿರಲಿ, ಸಾಮಾನ್ಯ ಕೇಬಲ್ 60ಕ್ಕೇ ನಿಲ್ಲಿಸುತ್ತದೆ.

ಮಲೆನಾಡಿನಲ್ಲಿ ಇನ್ನೊಂದು ಮಾತು: ಕರೆಂಟ್ ಬಂದು ಹೋಗುವ ನಡುವೆ ಪವರ್ ಬ್ಯಾಂಕ್ ತುಂಬಬೇಕು. ಇನ್‌ಪುಟ್ 18 ವ್ಯಾಟ್ ಇದ್ದರೆ ಐದು ತಾಸು ಬೇಕು, 45 ಇದ್ದರೆ ಎರಡು ತಾಸು.

ತಂಗಿಗೆ ದಿನವೂ ಸಭೆಗಳು, ಅವಳಿಗೆ 65. ಮೇಲ್ ನೋಡಿ ಟೈಪ್ ಮಾಡುವವರು, ಲ್ಯಾಪ್‌ಟಾಪ್ ಒಪ್ಪುವುದಾದರೆ, 30ರಲ್ಲೇ ದುಡ್ಡು ಉಳಿಸಬಹುದು.