ವರ್ಕ್‌ಶೀಟಿನ ಫೋಟೋ ಕಳಿಸಿದರೆ ಉತ್ತರದ ಜೊತೆ ನಿಯಮವನ್ನೂ ಹೇಳಿಕೊಡುವ ಸೇವೆ: ವರ್ಷಕ್ಕೂ ಮೇಲೆ ಬಳಸಿದ ನಂತರ

ಮಗಳು ಒಂಬತ್ತನೇ ತರಗತಿಗೆ ಹೋದಾಗಿನಿಂದ ಈ ಸೇವೆ ಬಳಸುತ್ತಿದ್ದೇವೆ. ಈಗ ಅವಳು ಹತ್ತನೇ ತರಗತಿ, ಕನ್ನಡ ಮಾಧ್ಯಮ. ಕೆಲವು ಇಂಗ್ಲಿಷ್ ಶಿಕ್ಷಕರು ಸೇರಿ ವಾಟ್ಸಾಪ್‌ನಲ್ಲಿ ನಡೆಸುತ್ತಾರೆ. ವ್ಯಾಕರಣದ ವರ್ಕ್‌ಶೀಟಿನ ಫೋಟೋ ಕಳಿಸಿದರೆ ಪ್ರತಿ ಉತ್ತರಕ್ಕೂ ಯಾವ ನಿಯಮ ಅನ್ವಯಿಸುತ್ತದೆ ಎಂದು ಕನ್ನಡದಲ್ಲಿ ಬರೆದು ಕಳಿಸುತ್ತಾರೆ, ಬೇಕಾದರೆ ವಾಯ್ಸ್ ಮೆಸೇಜ್ ಕೂಡ. ಮಕ್ಕಳು ಮೊದಲು ತಮ್ಮ ಉತ್ತರವನ್ನು ಪೆನ್ಸಿಲಿನಲ್ಲಿ ಬರೆದಿರಬೇಕು, ಖಾಲಿ ಹಾಳೆಗೆ ಉತ್ತರ ಕೊಡುವುದಿಲ್ಲ. ಶುರುವಿನಲ್ಲಿ ಇದು ನನಗೆ ಕಿರಿಕಿರಿ ಎನಿಸಿತ್ತು. ಆದರೆ ಮಗು ಎಲ್ಲಿ ಎಡವಿದೆ ಎಂಬುದು ತಪ್ಪು ಉತ್ತರದಲ್ಲೇ ಕಾಣುತ್ತದೆ, ಅವರ ವಿವರಣೆ ಹೊರಡುವುದೂ ಅಲ್ಲಿಂದಲೇ.

ಆರ್ಟಿಕಲ್‌ಗಳ ಒಂದು ಹಾಳೆಯನ್ನೇ ತೆಗೆದುಕೊಳ್ಳಿ. ಮಗಳು ‘ಆ್ಯನ್ ಯೂನಿಫಾರ್ಮ್’ ಎಂದೂ ‘ಎ ಅವರ್’ ಎಂದೂ ಬರೆದಿದ್ದಳು. ಶಾಲೆಯಲ್ಲಿ ಅವಳು ಕಲಿತದ್ದು ಎ, ಇ, ಐ, ಓ, ಯು ಎಂಬ ಐದು ಅಕ್ಷರಗಳ ಮುಂದೆ ‘ಆ್ಯನ್’ ಎಂದು. ಯೂನಿಫಾರ್ಮ್ ‘ಯು’ ಅಕ್ಷರದಿಂದ ಶುರುವಾಗುತ್ತದೆ, ಅವರ್ ‘ಎಚ್’ ಅಕ್ಷರದಿಂದ. ಆ ಪಾಠದ ಪ್ರಕಾರ ಅವಳ ಉತ್ತರ ಸರಿಯೇ. ಟೀಚರ್ ಹೇಳಿದ್ದು ಇಷ್ಟು: “ಆ ಪದವನ್ನು ಕನ್ನಡದಲ್ಲಿ ಬರಿಯಮ್ಮ. ಮೊದಲ ಅಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’.” ಯೂನಿಫಾರ್ಮ್ ಎಂದು ಬರೆದರೆ ಮೊದಲು ಬರುವುದು ‘ಯ’, ವ್ಯಂಜನ, ಹಾಗಾಗಿ ‘ಎ’. ಅವರ್ ಎಂದರೆ ‘ಅ’, ಹಾಗಾಗಿ ‘ಆ್ಯನ್’. ಅಂಬ್ರೆಲಾಗೆ ‘ಆ್ಯನ್’, ಯೂನಿವರ್ಸಿಟಿಗೆ ‘ಎ’, ಒನ್ ರುಪೀ ಕಾಯಿನ್‌ಗೂ ‘ಎ’, ಯಾಕೆಂದರೆ ಉಚ್ಚಾರಣೆ ‘ವನ್’. ಎಂಎಲ್‌ಎಗೆ ‘ಆ್ಯನ್’. ನಿಯಮ ಇರುವುದು ಅಕ್ಷರದ ಮೇಲಲ್ಲ, ಸದ್ದಿನ ಮೇಲೆ. ಕೇಳಿಸಿದ ಹಾಗೆ ಬರೆಯುವ ಲಿಪಿ ನಮ್ಮ ಮಕ್ಕಳ ಕೈಯಲ್ಲಿ ಮೊದಲೇ ಇದೆ.

ಆದರೆ ನಾವು ಮಂಡ್ಯ ಕಡೆಯವರು. ಮಾತಿನಲ್ಲಿ ಹಕಾರ ಅಕಾರವಾಗುತ್ತದೆ, ಎಕಾರದ ಹಿಂದೆ ಸಣ್ಣದೊಂದು ‘ಯ’ ಸೇರಿಕೊಳ್ಳುತ್ತದೆ. ಮಗಳು ‘ಯೆಗ್’ ಎಂದು ಬರೆದುಕೊಂಡು ‘ಎ ಎಗ್’ ಎಂದಳು, ‘ಆರ್ಸ್’ ಎಂದು ಬರೆದುಕೊಂಡು ‘ಆ್ಯನ್ ಹಾರ್ಸ್’ ಎಂದಳು. ಟೀಚರ್ ಆ ಎರಡು ಪದಗಳನ್ನು ಅವಳ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಲು ಹೇಳಿದರು, ಕೇಳಿದರು, ತಾವು ಉಚ್ಚರಿಸಿ ವಾಪಸ್ ಕಳಿಸಿದರು. ವ್ಯಾಕರಣದ ತಪ್ಪಿನ ಮೂಲ ಉಚ್ಚಾರಣೆಯಲ್ಲಿದೆ ಎಂದು ಗುರುತಿಸಲು ಮಗುವಿನ ಮಾತು ಯಾವ ಊರಿನದು ಎಂದು ಗೊತ್ತಿರಬೇಕು. ಅಂಗಡಿಯಲ್ಲಿ ಸಿಗುವ ಗೈಡುಗಳಲ್ಲಿ ಇದು ನನಗೆ ಎಲ್ಲೂ ಸಿಕ್ಕಿಲ್ಲ.

ಕ್ವೆಶ್ಚನ್ ಟ್ಯಾಗ್ ಬೇಗ ಮುಗಿಯಿತು. ಕನ್ನಡದಲ್ಲಿ ಯಾವ ವಾಕ್ಯಕ್ಕಾದರೂ ‘ಅಲ್ವಾ’ ಸಾಕು. ಅದೇ ಅಭ್ಯಾಸದಲ್ಲಿ ಮಗಳು ‘ಯುವರ್ ಫಾದರ್ ವರ್ಕ್ಸ್ ಇನ್ ಎ ಬ್ಯಾಂಕ್’ ಎಂಬುದಕ್ಕೆ ‘ಈಸಂಟ್ ಇಟ್’ ಹಾಕಿದ್ದಳು. ‘ವರ್ಕ್ಸ್’ ಕೊನೆಯ ‘ಎಸ್’ ಒಳಗೆ ‘ಡಸ್’ ಅಡಗಿದೆ, ಅದನ್ನು ಹೊರಗೆ ತೆಗೆದು ನಕಾರ ಮಾಡು, ‘ಫಾದರ್’ ಬದಲು ‘ಹಿ’ ಹಾಕು ಎಂದರು: ‘ಡಸಂಟ್ ಹಿ’. ಆಮೇಲೆ ಟ್ಯಾಗ್‌ನಲ್ಲಿ ಅವಳು ತಪ್ಪಿದ್ದು ಅಪರೂಪ.

ಹೆಚ್ಚು ಕಾಲ ಕಾಡಿದ್ದು ‘ಸಿನ್ಸ್’ ಮತ್ತು ‘ಫಾರ್’. ಹಾಳೆಯಲ್ಲಿದ್ದ ವಾಕ್ಯ: ‘ಶಿ ____ (ಲಿವ್) ಇನ್ ಮೈಸೂರು ಸಿನ್ಸ್ 2019.’ ಮಗಳ ಉತ್ತರ ‘ಈಸ್ ಲಿವಿಂಗ್’. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ, ಯಾಕೆಂದರೆ ‘2019ರಿಂದ ಮೈಸೂರಿನಲ್ಲಿದ್ದಾಳೆ’ ಎನ್ನುವಾಗ ಕನ್ನಡ ವರ್ತಮಾನ ಕಾಲವನ್ನೇ ಬಳಸುತ್ತದೆ. ಹಿಂದೆ ಶುರುವಾಗಿ ಇವತ್ತಿಗೂ ನಡೆಯುತ್ತಿರುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬೇರೆ ರೂಪವೇ ಇದೆ: ‘ಹ್ಯಾಸ್ ಬೀನ್ ಲಿವಿಂಗ್’. ‘ಹ್ಯಾಸ್ ಲಿವ್ಡ್’ ಎಂದರೂ ಸರಿ ಎಂದು ಟೀಚರ್ ಸೇರಿಸಿದ್ದರು. ಶಾಲೆಯ ಉತ್ತರಪಟ್ಟಿಯಲ್ಲಿ ಒಂದೇ ಇತ್ತು.

ಇನ್ನು ಕನ್ನಡದ ‘ಇಂದ’ ಪ್ರತ್ಯಯಕ್ಕೆ ಸಮಯದ ವಿಷಯದಲ್ಲಿ ಎರಡು ಕೆಲಸ. ಟೀಚರ್ ಕೊಟ್ಟ ಉದಾಹರಣೆ ಹೀಗಿತ್ತು: ‘ಮೂರು ಗಂಟೆಯಿಂದ ಬಸ್ಸಿಗೆ ಕಾಯುತ್ತಿದ್ದೇನೆ.’ ಮಧ್ಯಾಹ್ನ ಮೂರಕ್ಕೆ ಬಂದು ನಿಂತದ್ದೋ, ಮೂರು ತಾಸು ಕಾದದ್ದೋ? ಕನ್ನಡದಲ್ಲಿ ಎರಡೂ ಆಗಬಹುದು. ಗಡಿಯಾರ ಅಥವಾ ಕ್ಯಾಲೆಂಡರ್ ಮೇಲೆ ಬೆರಳಿಟ್ಟು ‘ಇಲ್ಲಿಂದ’ ಎಂದು ತೋರಿಸಲು ಬಂದರೆ ‘ಸಿನ್ಸ್ ತ್ರೀ ಓ ಕ್ಲಾಕ್’, ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಉತ್ತರವಾದರೆ ‘ಫಾರ್ ತ್ರೀ ಅವರ್ಸ್’. ಮಗಳು ಈಗಲೂ ಉತ್ತರ ಬರೆಯುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡುತ್ತಾಳೆ.

ಈ ಸೇವೆಯ ಬಗ್ಗೆ ನನಗಿರುವ ದೊಡ್ಡ ದೂರೂ ಇದೇ ಪಾಠದ್ದು. ಒಮ್ಮೆ ಬೇರೆ ಶಿಕ್ಷಕರೊಬ್ಬರು ಉತ್ತರಿಸಿ, ‘ಸಿನ್ಸ್, ಫಾರ್ ಕಂಡರೆ ಹ್ಯಾವ್ ಬೀನ್ ಹಾಕು’ ಎಂದು ಒಂದೇ ಸಾಲು ಬರೆದರು. ಮುಂದಿನ ವಾರದ ಹಾಳೆಯಲ್ಲಿ ‘ಹಿ ____ (ವರ್ಕ್) ಇನ್ ಹುಬ್ಬಳ್ಳಿ ಫಾರ್ ಟೂ ಇಯರ್ಸ್ ಅಂಡ್ ದೆನ್ ವೆಂಟ್ ಟು ಪುಣೆ’ ಎಂದಿತ್ತು. ಮಗಳು ನಂಬಿಕೆಯಿಂದ ‘ಹ್ಯಾಸ್ ಬೀನ್ ವರ್ಕಿಂಗ್’ ಬರೆದಳು. ಆ ಮನುಷ್ಯ ಪುಣೆಗೆ ಹೋಗಿಯಾಗಿದೆ, ಹುಬ್ಬಳ್ಳಿಯ ಕೆಲಸ ಮುಗಿದಿದೆ, ಸರಿ ಉತ್ತರ ಬರೀ ‘ವರ್ಕ್ಡ್’. ‘ಫಾರ್’ ಹೇಳುವುದು ಎಷ್ಟು ಕಾಲ ಎಂಬುದನ್ನು ಮಾತ್ರ, ಕೆಲಸ ಇನ್ನೂ ನಡೆಯುತ್ತಿದೆಯೇ ಎಂಬುದನ್ನು ವಾಕ್ಯದ ಉಳಿದ ಭಾಗದಿಂದ ತಿಳಿಯಬೇಕು. ನಾನು ಬರೆದು ಕೇಳಿದೆ, ಹಿರಿಯ ಟೀಚರ್ ತಿದ್ದಿ ವಿವರಿಸಿದರು. ಆದರೂ ಅಡ್ಡದಾರಿಯ ಸೂತ್ರ ಮಗುವಿನ ತಲೆಯಲ್ಲಿ ಒಮ್ಮೆ ಕೂತರೆ ಬಿಡಿಸುವುದು ಸುಲಭವಲ್ಲ. ವಿವರಣೆ ಒಂದೇ ಸಾಲಿನಲ್ಲಿ ಬಂದರೆ ‘ಈ ನಿಯಮ ಎಲ್ಲಿ ನಡೆಯುವುದಿಲ್ಲ?’ ಎಂದು ಮರುಪ್ರಶ್ನೆ ಹಾಕಿ. ನಾನು ಈಗ ತಪ್ಪದೆ ಹಾಕುತ್ತೇನೆ.

ಪ್ರಿಪೊಸಿಷನ್ ವಿಷಯದಲ್ಲಿ ಅವರು ಪ್ರಾಮಾಣಿಕರು. ‘ಹುಲಿಗೆ ಹೆದರುತ್ತಾನೆ’ ಎಂಬುದು ‘ಅಫ್ರೇಡ್ ಆಫ್’ ಏಕೆ, ‘ಗಣಿತದಲ್ಲಿ ಜಾಣೆ’ ಎಂಬುದು ‘ಗುಡ್ ಅಟ್’ ಏಕೆ ಎಂದು ಮಗಳು ಕೇಳಿದಾಗ ಇಲ್ಲದ ಕಾರಣ ಹೊಸೆಯಲಿಲ್ಲ. ಇವು ಜೋಡಿಯಾಗಿಯೇ ಬರುತ್ತವೆ, ಜೋಡಿಯಾಗಿಯೇ ಕಲಿ ಎಂದರು. ನಮ್ಮ ವಿಭಕ್ತಿ ಪ್ರತ್ಯಯಕ್ಕೆ ಒಂದೊಂದು ಇಂಗ್ಲಿಷ್ ಪದ ಹೊಂದಿಸಲು ಹೋದರೆ ಅರ್ಧ ದಾರಿಯಲ್ಲೇ ಕೈಕೊಡುತ್ತದೆ ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಜೋಡಿಗಳ ಪಟ್ಟಿಯೊಂದನ್ನು ಕನ್ನಡ ವಾಕ್ಯಗಳ ಸಮೇತ ಕೊಟ್ಟಿದ್ದರೆ ಇನ್ನೂ ಒಳ್ಳೆಯದಿತ್ತು. ಅದನ್ನು ಮಗಳೇ ನೋಟ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದಾಳೆ.

ಫೋಟೋ ಬಗ್ಗೆ ಒಂದು ಮಾತು. ಖಾಲಿ ಜಾಗವಿರುವ ಸಾಲುಗಳನ್ನಷ್ಟೇ ಕತ್ತರಿಸಿ ಕಳಿಸಬೇಡಿ, ಮೇಲಿನ ಸೂಚನೆ ಕಡ್ಡಾಯವಾಗಿ ಬರಲಿ. ‘ಸಿಂಪಲ್ ಪಾಸ್ಟ್‌ನಲ್ಲಿ ತುಂಬಿರಿ’ ಎಂದಿದ್ದರೆ ಒಂದು ಉತ್ತರ, ‘ಸೂಕ್ತ ರೂಪ ಬರೆಯಿರಿ’ ಎಂದಿದ್ದರೆ ಕೆಲವೊಮ್ಮೆ ಎರಡು. ಹಾಳೆಯನ್ನು ಕಿಟಕಿ ಹತ್ತಿರ ನೆಲದ ಮೇಲೆ ಹರಡಿ ನೇರ ಮೇಲಿನಿಂದ ತೆಗೆದರೆ ಪೆನ್ಸಿಲ್ ಬರಹವೂ ಕಾಣುತ್ತದೆ. ರಾತ್ರಿ ಬಲ್ಬಿನ ಕೆಳಗೆ ತೆಗೆದರೆ ಕೈಯ ನೆರಳು ಬಿದ್ದು ಅರ್ಧ ಸಾಲು ನುಂಗುತ್ತದೆ.

ಮಾಮೂಲಿ ದಿನಗಳಲ್ಲಿ ಸಂಜೆ ಕಳಿಸಿದ್ದಕ್ಕೆ ರಾತ್ರಿ ಊಟದೊಳಗೆ ಉತ್ತರ ಬರುತ್ತದೆ. ಪರೀಕ್ಷೆ ಹತ್ತಿರವಾದಾಗ ಮರುದಿನವೂ ಆಗುತ್ತದೆ, ಆಗ ಬರುವ ವಿವರಣೆಗಳೂ ಗಿಡ್ಡ. ಹಾಗಾಗಿ ಈ ಸಲ ರಿಪೋರ್ಟೆಡ್ ಸ್ಪೀಚ್ ಮತ್ತು ಪ್ಯಾಸಿವ್ ವಾಯ್ಸ್ ಹಾಳೆಗಳನ್ನು ದಸರಾ ರಜೆಯಲ್ಲೇ ಕಳಿಸಲಿದ್ದೇವೆ.